ಕ್ಲೋಮಿಫೀನ್ ಬಿಟ್ಟು ಲೆಟ್ರೋಜೋಲ್ ಹಿಡಿದಾಗ ಕಂಡದ್ದು

ಶಿರಸಿಯಲ್ಲಿ ಸ್ತ್ರೀರೋಗ ಚಿಕಿತ್ಸಾಲಯ ನಡೆಸುತ್ತಿರುವ ನಾನು ಅಂಡ ಬೆಳೆಸಲು ಬಹಳ ವರ್ಷ ಕ್ಲೋಮಿಫೀನ್ ಮಾತ್ರೆಯನ್ನೇ ನೆಚ್ಚಿಕೊಂಡಿದ್ದೆ. ಬಂಜೆತನಕ್ಕೆ ಲೆಟ್ರೋಜೋಲ್ ಬಳಸುವುದನ್ನು ನಮ್ಮ ದೇಶದಲ್ಲಿ 2011ರಲ್ಲಿ ನಿಷೇಧಿಸಲಾಗಿತ್ತು. ಆ ನಿಷೇಧ ತೆರವಾದ ಮೇಲೂ ಹಿರಿಯ ಸಹೋದ್ಯೋಗಿಯೊಬ್ಬರು "ಅದರ ಸಹವಾಸ ಬೇಡ" ಎಂದೇ ಹೇಳುತ್ತಿದ್ದರು.

ನನ್ನ ಮನಸ್ಸು ಬದಲಾಯಿಸಿದ್ದು ಯಲ್ಲಾಪುರದ ಕಡೆಯಿಂದ ಬಸ್ಸಿನಲ್ಲಿ ಬರುತ್ತಿದ್ದ, ಪಿಸಿಓಡಿ ಇದ್ದ ಒಬ್ಬ ಹೆಣ್ಣುಮಗಳು. ನಾನೇ ಕೊಟ್ಟ ಕ್ಲೋಮಿಫೀನ್ 100 ಮಿಲಿಗ್ರಾಂನಲ್ಲಿ ಆಕೆಯ ಅಂಡಾಶಯದಲ್ಲಿ ಅಂಡವಿರುವ ಚೀಲ, ಅಂದರೆ ಫಾಲಿಕಲ್, 22 ಮಿ.ಮೀ.ವರೆಗೆ ಚೆನ್ನಾಗಿಯೇ ಬೆಳೆಯಿತು, ಆದರೆ ಗರ್ಭಕೋಶದ ಒಳಪದರ ಮೂರು ಸುತ್ತಿನಲ್ಲೂ 5 ಮಿ.ಮೀ. ಆಸುಪಾಸಿನಲ್ಲೇ ನಿಂತಿತು. ಈಸ್ಟ್ರೋಜನ್ನಿನ ಒಂದು ರೂಪವಾದ ಎಸ್ಟ್ರಾಡಯಾಲ್ ಮಾತ್ರೆ ಸೇರಿಸಿ ನೋಡಿದೆ, ಹೆಚ್ಚೇನೂ ಆಗಲಿಲ್ಲ. ಕ್ಲೋಮಿಫೀನ್ ಈಸ್ಟ್ರೋಜನ್ನಿನ ಗ್ರಾಹಕಗಳನ್ನೇ ಹಿಡಿದು ಕುಳಿತು ವಾರಗಟ್ಟಲೆ ದೇಹದಲ್ಲಿ ಉಳಿಯುವುದರಿಂದ ಹೊರಗಿನಿಂದ ಕೊಟ್ಟದ್ದು ಒಳಪದರಕ್ಕೆ ದಕ್ಕುವುದಿಲ್ಲ. ಲೆಟ್ರೋಜೋಲ್ ಗ್ರಾಹಕಗಳನ್ನು ಮುಟ್ಟುವುದಿಲ್ಲ. ಅದರ ಅರ್ಧಾಯುಷ್ಯ ಸುಮಾರು ಎರಡೇ ದಿನ.

ಮುಟ್ಟಿನ ಮೂರನೆಯ ದಿನ ಸ್ಕ್ಯಾನ್ ಮಾಡಿ, ಸಿಸ್ಟ್ ಇಲ್ಲವೆಂದು ಖಚಿತಪಡಿಸಿಕೊಂಡು, ಲೆಟ್ರೋಜೋಲ್ 2.5 ಮಿಲಿಗ್ರಾಂ ಐದು ದಿನ ಕೊಟ್ಟೆ. ಹನ್ನೆರಡನೆಯ ದಿನ 10 ಮಿ.ಮೀ. ದಾಟಿದ ಫಾಲಿಕಲ್ ಒಂದೂ ಇರಲಿಲ್ಲ. ಪ್ರೊಜೆಸ್ಟರಾನ್ ಕೊಟ್ಟು ಮುಟ್ಟು ಬರಿಸಿ ಹೊಸದಾಗಿ ಶುರುಮಾಡಬೇಕೆಂದು ಎಲ್ಲರೂ ಹೇಳಿದರೂ, ಗರ್ಭಪರೀಕ್ಷೆ ನೆಗೆಟಿವ್ ಬಂದ ಮೇಲೆ ನಾನು ಅದೇ ದಿನ 5 ಮಿಲಿಗ್ರಾಂ ಆರಂಭಿಸಿದೆ. ಇದರಿಂದ ಆಕೆಗೆ ಒಂದು ತಿಂಗಳು ಉಳಿಯಿತು. ಇಪ್ಪತ್ತನೆಯ ದಿನ ಬಲ ಅಂಡಾಶಯದಲ್ಲಿ 14 ಮಿ.ಮೀ.ನ ಒಂದೇ ಫಾಲಿಕಲ್ ಕಂಡಿತು. ದಿನಕ್ಕೆ ಒಂದೂವರೆಯಿಂದ ಎರಡು ಮಿ.ಮೀ. ಬೆಳೆಯುವ ಲೆಕ್ಕ ಹಾಕಿ ಇಪ್ಪತ್ಮೂರಕ್ಕೆ ಕರೆದಾಗ ಅದು 19 ಆಗಿತ್ತು, ಒಳಪದರ ಎಂಟೂವರೆಯಷ್ಟು ದಪ್ಪವಾಗಿ ಮೂರು ಗೆರೆ ಸ್ಪಷ್ಟವಾಗಿದ್ದವು. ಆಗ ಎಚ್‌ಸಿಜಿ 5000 ಯೂನಿಟ್ ಇಂಜೆಕ್ಷನ್ನನ್ನು ಅಂಡ ಬಿಡುಗಡೆಗೆಂದು ಕೊಟ್ಟೆ.

ಅಳತೆಯಲ್ಲಿ ನಾನು ಹಿಂದೆ ಮಾಡುತ್ತಿದ್ದ ತಪ್ಪನ್ನು ಇಲ್ಲಿ ಹೇಳಲೇಬೇಕು. ಮೊಟ್ಟೆಯಾಕಾರದ ಫಾಲಿಕಲ್‌ನ ಉದ್ದನೆಯ ಬದಿ 21 ಎಂದು ನೋಡಿ ಇಂಜೆಕ್ಷನ್ ಕೊಟ್ಟುಬಿಡುತ್ತಿದ್ದೆ; ಅಡ್ಡಬದಿ 13 ಇದ್ದರೆ ಸರಾಸರಿ 17 ಮಾತ್ರ, ಅಂದರೆ ಅದಿನ್ನೂ ಬಲಿತಿರುವುದಿಲ್ಲ. ಈಗ ಪ್ರೋಬನ್ನು ತಿರುಗಿಸಿ ಎರಡೂ ಬದಿ ಅಳೆಯದೆ ಸಂಖ್ಯೆ ಬರೆಯುವುದಿಲ್ಲ.

ಇಂಜೆಕ್ಷನ್ನಿನ ಮೂರನೆಯ ದಿನ ಫಾಲಿಕಲ್ ಕುಗ್ಗಿತ್ತು, ಗರ್ಭಕೋಶದ ಹಿಂದೆ ತುಸು ದ್ರವವಿತ್ತು, ಒಳಪದರ ಒಂದೇ ಸಮನೆ ಬೆಳ್ಳಗಾಗಿತ್ತು, ಅಂದರೆ ಅಂಡ ಬಿಡುಗಡೆಯಾಗಿತ್ತು. ಆ ಸುತ್ತಿನಲ್ಲಿ ಗರ್ಭ ನಿಲ್ಲಲಿಲ್ಲ. ಮುಂದಿನ ಸುತ್ತಿಗೆ ನೇರವಾಗಿ 5 ಮಿಲಿಗ್ರಾಂ ಕೊಟ್ಟಾಗ ನಿಂತಿತು.

ನನ್ನಲ್ಲಿ ಒಂದು ಸ್ಕ್ಯಾನಿಗೆ ಸುಮಾರು 600 ರೂಪಾಯಿ. ದಿನ ಬಿಟ್ಟು ದಿನ ಕರೆಸಿದ್ದರೆ ಬಸ್ ಖರ್ಚು ಬಿಟ್ಟೇ ನಾಲ್ಕೈದು ಸಾವಿರ ಆಗುತ್ತಿತ್ತು, ಎರಡನೆಯ ಸುತ್ತು ಮೂರೇ ಸ್ಕ್ಯಾನಿನಲ್ಲಿ ಮುಗಿಯಿತು. ಮೊದಲ ಸ್ಕ್ಯಾನಿನಲ್ಲೇ ಯಾರು ನಿಧಾನವಾಗಿ ಸ್ಪಂದಿಸುವರೆಂದು ಗುರುತಿಸುವ ನನ್ನದೇ ಒಂದು ಬಗೆಯಿದೆ. ಇನ್ನಷ್ಟು ರೋಗಿಗಳಲ್ಲಿ ನೋಡುವವರೆಗೆ ಅದನ್ನು ನನ್ನ ಬಳಿಯೇ ಇಟ್ಟುಕೊಳ್ಳುತ್ತೇನೆ. ಬೇಡವೆಂದಿದ್ದ ಆ ಹಿರಿಯರು ಹೋದ ಮಳೆಗಾಲದಲ್ಲಿ ಫೋನ್ ಮಾಡಿ ಲೆಟ್ರೋಜೋಲ್ ಎಷ್ಟರಿಂದ ಶುರುಮಾಡುತ್ತೀರಿ ಎಂದು ಕೇಳಿದರು.