ಇಪ್ಪತ್ತು ಡಬ್ಬಿಯ ಸಾಂಬಾರು: ಗೋರೆಗಾಂವಿನ ನನ್ನ ಅಡುಗೆಮನೆಯ ಅನುಭವ

ಮುಂಬಯಿಯ ಗೋರೆಗಾಂವಿನ ನಮ್ಮ ಮನೆಯಿಂದ ನಾನು ಊಟದ ಡಬ್ಬಿ ಕೊಡಲು ತೊಡಗಿದಾಗ ಗಿರಾಕಿಗಳು ಆರೇ ಮಂದಿ. ಹೆಚ್ಚಿನವರು ಉಡುಪಿ, ಕುಂದಾಪುರದ ಕಡೆಯಿಂದ ಕೆಲಸಕ್ಕೆಂದು ಬಂದ ಹುಡುಗರು. ಮೊದಲ ಡಬ್ಬಿಗೆ ಮುಂಚೆಯೇ ಆಹಾರ ಸುರಕ್ಷತಾ ಪ್ರಾಧಿಕಾರದ foscos.fssai.gov.in ತಾಣದಲ್ಲಿ ನೋಂದಣಿ ಮಾಡಿಸಿದ್ದೆ. ಆಗಿನ ನಿಯಮದಂತೆ ವಾರ್ಷಿಕ ವಹಿವಾಟು 12 ಲಕ್ಷ ರೂಪಾಯಿಯೊಳಗಿದ್ದವರಿಗೆ ಪರವಾನಗಿ ಬೇಕಿರಲಿಲ್ಲ, ನೋಂದಣಿ ಸಾಕಿತ್ತು. ಶುಲ್ಕ ವರ್ಷಕ್ಕೆ 100 ರೂಪಾಯಿ. ಫೋಟೊ, ಗುರುತಿನ ಚೀಟಿ ಕೊಟ್ಟೆ, 14 ಅಂಕಿಗಳ ಸಂಖ್ಯೆ ಬಂತು. ನಮ್ಮ ಸೊಸೈಟಿಗೂ ಒಂದು ಪತ್ರ ಬರೆದು ಒಪ್ಪಿಗೆ ಪಡೆದೆ.

ನನಗೆ ನಿಜವಾದ ಪಾಠ ಸಿಕ್ಕಿದ್ದು ಡಬ್ಬಿಗಳು ಇಪ್ಪತ್ತಕ್ಕೆ ಏರಿದ ಮೇಲೆ. ಬೆಳಗಿನ ಕೆಲಸ ಹಗುರವಾಗಲೆಂದು ಒಂದು ರಾತ್ರಿ ಹತ್ತು ಗಂಟೆಗೆ 600 ಗ್ರಾಂ ತೊಗರಿಬೇಳೆಯ ಸಾಂಬಾರು ಕುದಿಸಿ, ಅದೇ ದೊಡ್ಡ ಪಾತ್ರೆಯಲ್ಲಿ ಮುಚ್ಚಿಟ್ಟು ಮಲಗಿದೆ. ಬೆಳಿಗ್ಗೆ ಮುಚ್ಚಳ ತೆಗೆದಾಗ ಸಾಂಬಾರು ಇನ್ನೂ ಉಗುರುಬೆಚ್ಚಗಿತ್ತು, ಪಾತ್ರೆಯ ಅಂಚಿನಲ್ಲಿ ಸಣ್ಣ ನೊರೆ ಕಟ್ಟಿತ್ತು. ಮತ್ತೆ ಕುದಿಸಿದರೆ ಸರಿಹೋಗುತ್ತದೆಂದು ನಂಬಿ ಕಳುಹಿಸಿಬಿಟ್ಟೆ. ಮಧ್ಯಾಹ್ನ ಒಬ್ಬ ಹುಡುಗ ಫೋನ್ ಮಾಡಿ, “ಅಕ್ಕಾ, ಸಾಂಬಾರು ಹಳಸಿದೆ, ಉಳಿದವರಿಗೂ ಬೇಗ ತಿಳಿಸಿಬಿಡಿ” ಎಂದ. ಅಂದು ಎಲ್ಲರಿಗೂ ಫೋನ್ ಮಾಡಿ ಕ್ಷಮೆ ಕೇಳಿ, ಹಣ ಹಿಂದಿರುಗಿಸಿದೆ.

ಮನೆಮಂದಿಗೆಂದು ಮಾಡಿದ ಸ್ವಲ್ಪ ಸಾಂಬಾರು ಬೇಗ ಆರುತ್ತದೆ. ನಾಲ್ಕೈದು ಲೀಟರಿನ ಪಾತ್ರೆ ಮಾತ್ರ ಗಂಟೆಗಟ್ಟಲೆ ಬೆಚ್ಚಗೇ ಇರುತ್ತದೆ. ಕುದಿದರೂ ಸಾಯದ ಕೆಲವು ಬ್ಯಾಕ್ಟೀರಿಯಾಗಳ ಬೀಜಕಣಗಳು ಆ ಬೆಚ್ಚಗಿನಲ್ಲಿ ಮೊಳೆತು ಬೆಳೆಯುತ್ತವೆ. ಅವುಗಳಲ್ಲಿ ಕೆಲವು ಬಿಡುವ ವಿಷ ಮರುಕುದಿತಕ್ಕೂ ನಾಶವಾಗುವುದಿಲ್ಲ. ಅನ್ನಕ್ಕೂ ಇದೇ ಅಪಾಯವಿದೆ. ಎಷ್ಟೋ ಸಲ ವಾಸನೆಯಿಂದಲೂ ಗೊತ್ತಾಗದ ಕಾರಣ, ಮೂಗನ್ನು ನಂಬಿ ಕೂರುವಂತಿಲ್ಲ.

ಈಗ ರಾತ್ರಿ ಬೇಳೆ ಬೇಯಿಸಲೇಬೇಕಾದರೆ ಅಗಲವಾದ ಎರಡು ತಟ್ಟೆಗಳಲ್ಲಿ ಎರಡು ಬೆರಳು ದಪ್ಪಕ್ಕೆ ಹರಡಿ, ಫ್ಯಾನಿನಡಿ ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸುತ್ತೇನೆ. ತೆಂಗಿನಕಾಯಿ ಮಸಾಲೆ ಬೆಳಿಗ್ಗೆಯೇ ರುಬ್ಬುತ್ತೇನೆ. ಉಪ್ಪು, ಖಾರಗಳನ್ನು ಆರು ಮಂದಿಯ ಲೆಕ್ಕದಿಂದ ನೇರವಾಗಿ ಗುಣಿಸದೆ, ಮುಕ್ಕಾಲು ಪಾಲು ಹಾಕಿ, ರುಚಿ ನೋಡಿ ಉಳಿದದ್ದನ್ನು ಸೇರಿಸುತ್ತೇನೆ. ಡಬ್ಬಿಗೆ ತುಂಬುವಾಗ ಸಾಂಬಾರು 60 ಡಿಗ್ರಿಗಿಂತ ಬಿಸಿಯಿದೆಯೇ ಎಂದು ಕಡ್ಡಿಯಂಥ ಥರ್ಮಾಮೀಟರ್ ಅದ್ದಿ ನೋಡುತ್ತೇನೆ. ಕಡಿಮೆಯಿದ್ದರೆ ಪಾತ್ರೆ ಮತ್ತೆ ಒಲೆಗೇರುತ್ತದೆ.

ಸಂಜೆ ಮರಳಿ ಬರುವ ಡಬ್ಬಿಗಳಲ್ಲಿ ಮುಚ್ಚಳದ ರಬ್ಬರ್ ಉಂಗುರವನ್ನು ಬಿಡಿಸಿ ತೊಳೆಯಬೇಕು. ಹೊರಗಿನಿಂದ ಫಳಫಳ ಹೊಳೆಯುವ ಡಬ್ಬಿಯ ಉಂಗುರದಡಿ ಹಿಂದಿನ ದಿನದ ಬೇಳೆ ಅಂಟಿಕೊಂಡಿದ್ದನ್ನು ಕಂಡ ಮೇಲೆ, ಸೋಪಿನ ಬಿಸಿನೀರಿನಲ್ಲಿ ಅವನ್ನು ಬೇರೆಯಾಗಿ ಉಜ್ಜಿ, ರಾತ್ರಿಯಿಡೀ ಜಾಲರಿಯ ಮೇಲೆ ಒಣಗಿಸಿ, ಬೆಳಿಗ್ಗೆ ಕೈ ತೊಳೆದ ಮೇಲಷ್ಟೇ ಜೋಡಿಸುತ್ತೇನೆ.