ಶಾಸನದ ಮೊದಲ ಸಾಲು ಓದುವುದು ಹೇಗೆ?

ಗುಡಿಯ ಅಂಗಳದ ಶಾಸನದ ಮುಂದೆ ನಿಂತವರು ರಾಜನ ಹೆಸರು, ಇಸವಿ ಹುಡುಕುವ ಅವಸರದಲ್ಲಿ ಮೊದಲ ಸಾಲನ್ನು ಹಾರಿಸಿಬಿಡುತ್ತಾರೆ. ಕಲ್ಲು ಯಾರ ಪರವಾಗಿ ಮಾತಾಡುತ್ತಿದೆ ಎಂಬುದು ಅನೇಕ ಬಾರಿ ಗೊತ್ತಾಗುವುದು ಅಲ್ಲೇ.

ಮೊದಲು ಆರಂಭದ ಮಂಗಲಪದ ನೋಡಿ. ‘ಸಿದ್ಧಂ’ ಎಂದರೆ ಕಾರ್ಯಸಿದ್ಧಿಯಾಗಲಿ. ‘ಸ್ವಸ್ತಿ’ ಎಂದರೆ ಒಳಿತಾಗಲಿ. ಇವನ್ನು ಎಲ್ಲ ಮತದವರೂ ಬಳಸಿದ್ದಾರೆ, ಹಾಗಾಗಿ ಇಷ್ಟರಿಂದಲೇ ಧರ್ಮ ಹೇಳಲಾಗದು.

ಮುಂದೆ ಸ್ತುತಿಶ್ಲೋಕ ಬಂದರೆ ಅಲ್ಲಿ ನಿಧಾನಿಸಿ. ಕರ್ನಾಟಕದಲ್ಲಿ ಹೆಚ್ಚಾಗಿ ಕಣ್ಣಿಗೆ ಬೀಳುವುದು ಇದು:

ನಮಸ್ತುಂಗ ಶಿರಶ್ಚುಂಬಿ ಚಂದ್ರಚಾಮರ ಚಾರವೇ |
ತ್ರೈಲೋಕ್ಯ ನಗರಾರಂಭ ಮೂಲಸ್ತಂಭಾಯ ಶಂಭವೇ ||

ಉನ್ನತವಾದ ತಲೆಯನ್ನು ಚುಂಬಿಸುವ ಚಂದ್ರನೆಂಬ ಚಾಮರದಿಂದ ಚೆಲುವಾದ, ಮೂರು ಲೋಕಗಳೆಂಬ ನಗರ ಕಟ್ಟುವುದಕ್ಕೆ ಮೊದಲ ಕಂಬವಾದ ಶಂಭುವಿಗೆ ನಮಸ್ಕಾರ. ಇದು 7ನೇ ಶತಮಾನದ ಬಾಣನ ‘ಹರ್ಷಚರಿತ’ದ ಮೊದಲ ಶ್ಲೋಕ. ಕಲ್ಲು ಸವೆದು ‘ಚುಂಬಿ ಚಂದ್ರ’ ಅಷ್ಟೇ ಉಳಿದಿದ್ದರೂ ಉಳಿದ ಅಕ್ಷರಗಳನ್ನು ಊಹಿಸಬಹುದು. ಆದರೆ ಕಾಲ ನಿರ್ಧರಿಸಲು ಇದನ್ನು ನೆಚ್ಚಬೇಡಿ. ವಿಜಯನಗರದ ಶಾಸನಗಳಲ್ಲೂ ಇದೇ ಶ್ಲೋಕವಿದೆ. ‘ಶ್ರೀಮತ್ಪರಮಗಂಭೀರ ಸ್ಯಾದ್ವಾದ’ ಎಂದು ಶುರುವಾದರೆ ಅದು ಜೈನ ಶಾಸನ.

ಇಲ್ಲೇ ಎಡವುವುದು ಸುಲಭ. ಸ್ತುತಿಸಿದ ದೇವರೇ ರಾಜನ ದೇವರು ಎಂದು ಎಷ್ಟೋ ಜನ ತೀರ್ಮಾನಿಸಿಬಿಡುತ್ತಾರೆ. ಐಹೊಳೆಯ ಮೇಗುತಿ ಬಸದಿಯ ಗೋಡೆಯಲ್ಲಿರುವ, ಕ್ರಿ.ಶ. 634ರ ಶಾಸನ ಇಮ್ಮಡಿ ಪುಲಕೇಶಿಯನ್ನು ಹೊಗಳುವುದಕ್ಕೇ ಹೆಸರಾದದ್ದು. ಆದರೆ ಅದರ ಮೊದಲ ಮಾತು ‘ಜಯತಿ ಭಗವಾನ್ ಜಿನೇಂದ್ರಃ’. ಮುಪ್ಪು, ಸಾವು, ಹುಟ್ಟುಗಳನ್ನು ದಾಟಿದ ಜಿನನ ಜ್ಞಾನಸಾಗರದಲ್ಲಿ ಇಡೀ ಜಗತ್ತೇ ಒಂದು ದ್ವೀಪದಂತಿದೆ ಎನ್ನುತ್ತದೆ ಶ್ಲೋಕ. ಎರಡನೆಯ ಶ್ಲೋಕ ‘ತದನು’, ಅಂದರೆ ‘ಆಮೇಲೆ’, ಎಂದು ಶುರುವಾಗಿ ಚಾಲುಕ್ಯ ಕುಲಕ್ಕೆ ಜಯ ಹೇಳುತ್ತದೆ. ಆ ಚಾಲುಕ್ಯರ ಲಾಂಛನವೋ ವರಾಹ. ಅವರ ತಾಮ್ರಪಟಗಳಲ್ಲಿ ಮತ್ತೆ ಮತ್ತೆ ಬರುವ ‘ಜಯತ್ಯಾವಿಷ್ಕೃತಂ ವಿಷ್ಣೋಃ’ ಶ್ಲೋಕವೂ ವರಾಹನದೇ. ಹಾಗಾದರೆ ಇಲ್ಲಿ ಜಿನನೇಕೆ? ಬಸದಿ ಕಟ್ಟಿಸಿದವನೂ ಶ್ಲೋಕ ಬರೆದವನೂ ಜೈನ ಕವಿ ರವಿಕೀರ್ತಿ. ರಾಜನ ಕೃಪೆಗೆ ಪಾತ್ರನಾದವನು ತನ್ನ ದೇವರನ್ನು ರಾಜನಿಗಿಂತ ಮುಂದೆ ನಿಲ್ಲಿಸಿದ್ದಾನೆ. ಆದ್ದರಿಂದ ಶ್ಲೋಕ ಓದಿದ ಕೂಡಲೇ ಕಲ್ಲು ಎಲ್ಲಿದೆ, ದಾನ ಯಾರಿಗೆ, ಬರೆದವರು ಯಾರು ಎಂದು ಕೇಳಿಕೊಳ್ಳಿ.

ಮನೆಯ ಹಳೆಯ ಪೆಟ್ಟಿಗೆಯ ಕಾಗದಗಳನ್ನೂ ಹೀಗೆಯೇ ಓದಬಹುದು. ತಲೆಯಲ್ಲಿ ‘ಶ್ರೀ’, ಕೆಳಗೆ ‘ಉ|| ಕು|| ಸಾಂಪ್ರತ’ ಎಂದಿದ್ದರೆ ಅದು ‘ಉಭಯಕುಶಲೋಪರಿ ಸಾಂಪ್ರತ’: ಇಬ್ಬರ ಕ್ಷೇಮವಾದ ಮೇಲೆ, ಈಗಿನ ವಿಷಯ. ಸಹಿ ಹರಿದುಹೋಗಿದ್ದರೂ ಚಿಂತೆಯಿಲ್ಲ. ‘ತೀರ್ಥರೂಪರಿಗೆ’ ಎಂದಿದ್ದರೆ ಬರೆದದ್ದು ಅಪ್ಪನಿಗೆ, ‘ಚಿ||’ ಎಂದಿದ್ದರೆ ಬರೆದವರು ಹಿರಿಯರು.