‘98–03’ ಅಂದರೆ ಎಷ್ಟು? ಡೀಲರ್‌ಗಳ ಎರಡಂಕಿ ದರ ಓದುವುದು ಹೇಗೆ

ವಿದೇಶಿ ಹಣ ಕೊಂಡು ಮಾರುವ ಬ್ಯಾಂಕ್ ಡೀಲರ್ ಒಬ್ಬ ಇನ್ನೊಂದು ಬ್ಯಾಂಕಿನ ಡೀಲರ್‌ಗೆ ಫೋನ್ ಹಚ್ಚಿ ‘ಯೂರೋ ಡಾಲರ್, ಟೆನ್’ ಎನ್ನುತ್ತಾನೆ. ಆ ಕಡೆಯಿಂದ ‘ನೈಂಟಿ ಎಯ್ಟ್, ಓ ತ್ರೀ’ ಎಂಬ ಉತ್ತರ ಬರುತ್ತದೆ. ಇವನು ‘ಮೈನ್’ ಅನ್ನುತ್ತಾನೆ. ಅಷ್ಟೇ, ಒಂದು ಕೋಟಿ ಯೂರೋ ವ್ಯಾಪಾರ ಮುಗಿಯಿತು. ‘ಟೆನ್’ ಎಂದರೆ ಹತ್ತು ಮಿಲಿಯನ್ ಯೂರೋ, ‘ಮೈನ್’ ಎಂದರೆ ನಾನು ಕೊಂಡೆ. ಆದರೆ ಎಷ್ಟಕ್ಕೆ ಕೊಂಡ? ಪೂರ್ತಿ ದರವನ್ನು ಇಬ್ಬರೂ ಬಾಯಿಬಿಟ್ಟು ಹೇಳಲೇ ಇಲ್ಲ, ಅಲ್ವಾ?

ಆ ಹೊತ್ತಿಗೆ ಒಂದು ಯೂರೋಗೆ 1.09 ಡಾಲರ್ ಆಸುಪಾಸಿನಲ್ಲಿ ವ್ಯಾಪಾರ ನಡೆಯುತ್ತಿದೆ ಎಂದುಕೊಳ್ಳೋಣ. ಈ ಮಾರುಕಟ್ಟೆಯಲ್ಲಿ ದರವನ್ನು ದಶಮಾಂಶದ ನಂತರ ನಾಲ್ಕು ಅಂಕಿಗಳವರೆಗೆ ಬರೆಯುತ್ತಾರೆ: 1.0898. ಕೊನೆಯ ಅಂಕಿಯ ಒಂದೊಂದು ಹೆಜ್ಜೆಗೂ ಪಿಪ್ ಎಂದು ಹೆಸರು. ದರದ ಮೊದಲ ಭಾಗ, ಅಂದರೆ 1.08, ಅದೇ ಬಿಗ್ ಫಿಗರ್. ಹೇಳುವುದು ಬರೀ 98. ತಮಾಷೆ ಏನೆಂದರೆ, ಡೀಲರ್‌ನ ಸ್ಕ್ರೀನಿನಲ್ಲಿ ಈ ‘ಬಿಗ್’ ಫಿಗರ್ ಸಣ್ಣ ಅಕ್ಷರದಲ್ಲಿ ಇರುತ್ತದೆ. ಕೊನೆಯ ಎರಡಂಕಿಗಳೇ ದಪ್ಪಗೆ, ದೊಡ್ಡದಾಗಿ ಕಾಣುತ್ತವೆ. ಕಣ್ಣು ಎಲ್ಲಿರಬೇಕೋ ಅಲ್ಲಿಗೆ ದೊಡ್ಡ ಅಕ್ಷರ.

ಬೇಗ ಹೇಳಿ ಮುಗಿಸುವುದಕ್ಕೆ ಹೀಗೆ ಮಾಡುತ್ತಾರೆ ಎನ್ನುವುದು ಅರ್ಧ ಉತ್ತರ. ‘ಒನ್ ಪಾಯಿಂಟ್ ಓ ಎಯ್ಟ್ ನೈನ್ ಎಯ್ಟ್’ ಎಂದು ಹೇಳಿ ಮುಗಿಸುವಷ್ಟರಲ್ಲಿ ದರ ಜರುಗಿರಬಹುದು, ನಿಜ. ಆದರೆ ಅರ್ಧ ದರ ಹೇಳಿದರೂ ಗೊಂದಲ ಆಗದಿರಲು ಬೇರೆಯೇ ಕಾರಣವಿದೆ. ಯೂರೋ-ಡಾಲರ್ ದರ ಸಾಧಾರಣ ದಿನಗಳಲ್ಲಿ ಬೆಳಗಿನಿಂದ ಸಂಜೆಯವರೆಗೆ ಓಡಾಡುವುದೇ ಸುಮಾರು ಒಂದು ಸೆಂಟ್‌ನೊಳಗೆ. ಒಂದೆರಡು ನಿಮಿಷದಲ್ಲಿ ಕೆಲವೇ ಪಿಪ್. ನಾವು ‘ಇಪ್ಪತ್ತೈದನೇ ತಾರೀಕು ಬನ್ನಿ’ ಎಂದರೆ ಯಾವ ತಿಂಗಳು ಎಂದು ಯಾರೂ ಕೇಳುವುದಿಲ್ಲ. ‘ಮೂವತ್ತರಿಂದ ಎರಡರವರೆಗೆ ಊರಲ್ಲಿರಲ್ಲ’ ಎಂದರೆ ಆ ಎರಡು ಮುಂದಿನ ತಿಂಗಳದ್ದು ಎಂದೂ ತಾನಾಗಿ ಗೊತ್ತಾಗುತ್ತದೆ. ಇಲ್ಲೂ ಹಾಗೆಯೇ.

ಹಾಗಾದರೆ ಕಿವಿಗೆ ಬಿದ್ದ ಎರಡಂಕಿಯನ್ನು ಪೂರ್ತಿ ದರ ಮಾಡಿಕೊಳ್ಳುವುದು ಹೇಗೆ?

ಮೊದಲು, ಕೊನೆಯದಾಗಿ ನೋಡಿದ ದರವನ್ನು ನೆನಪಿಡಿ. ನೀವು 1.0895 ನೋಡಿದ್ದೀರಿ, ಈಗ ‘98’ ಕೇಳಿತು. 98ರಲ್ಲಿ ಮುಗಿಯುವ ದರಗಳು ಹತ್ತಿರದಲ್ಲಿ ಮೂರೇ: 1.0798, 1.0898, 1.0998. ಮೊದಲನೆಯದು 97 ಪಿಪ್ ಕೆಳಗೆ, ಕೊನೆಯದು 103 ಪಿಪ್ ಮೇಲೆ. ನಡುವಿನದು ಮೂರೇ ಪಿಪ್ ದೂರ. ಹತ್ತಿರದ್ದೇ ಸರಿಯಾದದ್ದು. ಇಡೀ ಪದ್ಧತಿ ನಿಂತಿರುವುದು ಇದರ ಮೇಲೆ: ನಿಮಗೆ ಗೊತ್ತಿರುವ ದರಕ್ಕೂ ನಿಜವಾದ ದರಕ್ಕೂ ಐವತ್ತು ಪಿಪ್‌ಗಿಂತ ತೀರಾ ಕಡಿಮೆ ಅಂತರ ಇರುವವರೆಗೆ ಎರಡಂಕಿ ಸಾಕು. ಐವತ್ತರ ಹತ್ತಿರ ಬಂದರೆ ಮೇಲಿನದೋ ಕೆಳಗಿನದೋ ಎಂದು ಹೇಳಲು ಬರುವುದಿಲ್ಲ.

ಆಮೇಲೆ, ಎರಡನೇ ಸಂಖ್ಯೆಯನ್ನು ಮೊದಲನೆಯದರಿಂದ ಮೇಲಕ್ಕೆ ಎಣಿಸಿ. ಹೊಸಬರು ಎಡವುವುದು ಇಲ್ಲೇ. ಮೊದಲು ಹೇಳಿದ್ದು ಬಿಡ್, ದರ ಹೇಳಿದವನು ಕೊಳ್ಳುವ ಬೆಲೆ. ಆಮೇಲೆ ಹೇಳಿದ್ದು ಆಫರ್, ಅವನು ಮಾರುವ ಬೆಲೆ. ಮಾರುವ ಬೆಲೆ ಯಾವಾಗಲೂ ಜಾಸ್ತಿ. ‘42–44’ ಎಂದರೆ ತಲೆನೋವಿಲ್ಲ, ಎರಡಕ್ಕೂ ಒಂದೇ ಬಿಗ್ ಫಿಗರ್. ‘98–03’ ಎಂದಾಗ ಎರಡನೆಯದು ಸಣ್ಣದಾಗಿ ಕಾಣುತ್ತದೆ. 98ರಿಂದ 99, ಆಮೇಲೆ 00, ಹಾಗೇ ಮೇಲೆ ಹೋಗಿ 03 ಮುಟ್ಟಿದರೆ ಬಿಗ್ ಫಿಗರ್ ನಡುವೆಯೇ ಬದಲಾಗಿದೆ ಎಂದು ಅರ್ಥ. ಬಿಡ್ 1.0898, ಆಫರ್ 1.0903. ಆಫರನ್ನು 1.0803 ಎಂದು ಓದಿದರೆ ಏನಾಗುತ್ತದೆ ನೋಡಿ: ಅವನ ಹತ್ತಿರ ಕೊಂಡು ಅವನಿಗೇ ಮಾರಿದರೆ ಪ್ರತಿ ಯೂರೋಗೆ 95 ಪಿಪ್ ಲಾಭ. ಅಂಥ ದರ ಯಾರೂ ಸುಮ್ನೆ ಕೊಡುವುದಿಲ್ಲ. ಓದಿದ್ದು ತಪ್ಪಾಗಿದೆ ಎಂದು ಕಂಡುಹಿಡಿಯಲು ಇದೇ ಒಳ್ಳೆಯ ಪರೀಕ್ಷೆ. ಸರಿಯಾಗಿ 00 ಬಂದರೆ ‘ಫಿಗರ್’ ಎಂದಷ್ಟೇ ಹೇಳುತ್ತಾರೆ.

ಯಾವ ಎರಡಂಕಿ ಎನ್ನುವುದು ಕರೆನ್ಸಿ ಮೇಲೆ ಹೋಗುತ್ತದೆ. ಡಾಲರ್-ಯೆನ್ ದರ 149.35 ಇದ್ದರೆ 149 ಬಿಗ್ ಫಿಗರ್, ಹೇಳುವುದು 35. ಮುಂಬೈಯಲ್ಲಿ ಡಾಲರ್ 83.21 ರೂಪಾಯಿ ಇದ್ದರೆ ರೂಪಾಯಿ ಭಾಗವೇ ಬಿಗ್ ಫಿಗರ್, ಬಾಯಲ್ಲಿ ಬರುವುದು ಪೈಸೆ. ಇಲ್ಲಿ ಪೈಸೆಯನ್ನೂ ಕಾಲು, ಅರ್ಧ ಎಂದು ಒಡೆಯುತ್ತಾರೆ.

ವ್ಯಾಪಾರ ಆದ ಕೂಡಲೇ ಪೂರ್ತಿ ದರ ಹೇಳಿ. ಇದನ್ನು ಬಿಟ್ಟರೆ ಮೇಲಿನ ಜಾಣತನವೆಲ್ಲ ವ್ಯರ್ಥ. ನಮ್ಮ ಉದಾಹರಣೆಯಲ್ಲಿ ‘ಮೈನ್’ ಎಂದವನು ಆಫರ್ ದರಕ್ಕೆ ಕೊಂಡಿದ್ದಾನೆ. ಒಂದು ಕೋಟಿ ಯೂರೋಗೆ 1.0903ರಂತೆ ಅವನು ಕೊಡಬೇಕಾದ್ದು 1,09,03,000 ಡಾಲರ್. ಒಂದು ಪಿಪ್ ಆಚೀಚೆ ಆದರೆ ಸಾವಿರ ಡಾಲರ್ ವ್ಯತ್ಯಾಸ. ಬಿಗ್ ಫಿಗರ್ ಒಂದು ಆಚೀಚೆ ಆದರೆ ಒಂದು ಲಕ್ಷ ಡಾಲರ್. ಅದಕ್ಕೇ ಮಾರಿದವನು ಮಾತಿನಲ್ಲೋ ಟೈಪ್ ಮಾಡಿಯೋ ಈ ಥರ ಖಚಿತಪಡಿಸುತ್ತಾನೆ:

```
TO CFM AT 1.0903 I SELL 10 MIO EUR AGS USD
```

‘1.0903ರ ದರಕ್ಕೆ ಹತ್ತು ಮಿಲಿಯನ್ ಯೂರೋ ಮಾರಿ ಡಾಲರ್ ಪಡೆಯುತ್ತಿದ್ದೇನೆ, ಇದು ಖಚಿತ’ ಎಂದು ಅರ್ಥ. ಇದರ ಜೊತೆಗೆ ಹಣ ಕೈಸೇರುವ ತಾರೀಕು, ಯಾವ ಖಾತೆಗೆ ಎನ್ನುವುದೂ ಬರುತ್ತದೆ. ನನ್ನನ್ನು ಕೇಳುವುದಾದರೆ ಒಂದು ಮಾತು: ದರ ಫಿಗರ್ ದಾಟುವ ಹೊತ್ತಿನಲ್ಲಿ ‘ಬಿಗ್ ಫಿಗರ್ ಎಷ್ಟು?’ ಎಂದು ಕೇಳಿದರೆ ಒಂದೇ ಸಂಖ್ಯೆ ಒಪ್ಪಿಕೊಳ್ಳಬೇಡಿ. ‘1.08’ ಎಂದರೆ ಬಿಡ್‌ದೋ ಆಫರ್‌ದೋ ತಿಳಿಯುವುದಿಲ್ಲ. ಎರಡನ್ನೂ ಪೂರ್ತಿ ಹೇಳಿಸಿ.

ಈಗ ಜಾಸ್ತಿ ವ್ಯಾಪಾರ ಕಂಪ್ಯೂಟರ್ ವೇದಿಕೆಗಳಲ್ಲಿ ಪೂರ್ತಿ ದರದೊಂದಿಗೇ ನಡೆಯುತ್ತದೆ. ಅಲ್ಲಿ ಪಿಪ್ ಕೂಡ ಇನ್ನೂ ಸಣ್ಣದಾಗಿ ಒಡೆದು ಐದನೇ ಅಂಕಿ ಬಂದಿದೆ. ಬಾಯಿಮಾತಿನ ವ್ಯಾಪಾರದಲ್ಲಿ ಮಾತ್ರ ಹಳೇ ರೂಢಿ ಉಳಿದಿದೆ.

ಈ ರೂಢಿ ಕೈಕೊಡುವುದು ಯಾವಾಗ ಎಂಬುದಕ್ಕೆ 2015ರ ಜನವರಿ 15ರ ಸ್ವಿಸ್ ಫ್ರಾಂಕ್ ನೋಡಿ. ಯೂರೋ 1.20 ಫ್ರಾಂಕ್‌ಗಿಂತ ಕೆಳಗೆ ಇಳಿಯಲು ಬಿಡುವುದಿಲ್ಲ ಎಂದು ಸ್ವಿಸ್ ನ್ಯಾಷನಲ್ ಬ್ಯಾಂಕ್ 2011ರ ಸೆಪ್ಟೆಂಬರ್‌ನಿಂದ ಪಟ್ಟು ಹಿಡಿದಿತ್ತು. ಅಂದು ಬೆಳಿಗ್ಗೆವರೆಗೂ ದರ 1.20ರ ಮೇಲೆ ಕೂದಲೆಳೆಯಷ್ಟು ದೂರದಲ್ಲಿ ನಿಂತಿತ್ತು. ಬಿಗ್ ಫಿಗರ್ ಯಾವುದು ಎಂದು ಯೋಚಿಸುವ ಪ್ರಮೇಯವೇ ಇರಲಿಲ್ಲ. ಬ್ಯಾಂಕ್ ದಿಢೀರನೆ ಕೈಬಿಟ್ಟಿತು. ಕೆಲವೇ ನಿಮಿಷಗಳಲ್ಲಿ ಯೂರೋ ಒಂದು ಫ್ರಾಂಕ್‌ಗಿಂತಲೂ ಕೆಳಗೆ ಬಿತ್ತು. ಅಂದರೆ ಇಪ್ಪತ್ತಕ್ಕೂ ಹೆಚ್ಚು ಬಿಗ್ ಫಿಗರ್. ಅಂಥ ಹೊತ್ತಿನಲ್ಲಿ ಯಾರಾದರೂ ‘ನಲವತ್ತು’ ಎಂದರೆ 1.1540 ಇರಬಹುದು, 1.0840 ಇರಬಹುದು, 0.9940 ಕೂಡ ಇರಬಹುದು. ಬಿಡ್‌ಗೂ ಆಫರ್‌ಗೂ ನಡುವೆಯೇ ನೂರಾರು ಪಿಪ್ ಕಂದಕ ಬಿದ್ದಾಗ ‘ಮೇಲಕ್ಕೆ ಎಣಿಸಿ’ ಎಂಬ ಉಪಾಯವೂ ನಡೆಯುವುದಿಲ್ಲ. ಆಗ ಮೊದಲ ಅಂಕಿಯಿಂದ ಕೊನೆಯದರವರೆಗೆ ಪೂರ್ತಿ ದರ ಹೇಳಬೇಕು, ಎದುರಿನವನ ಬಾಯಿಂದಲೂ ಪೂರ್ತಿ ದರ ಹೇಳಿಸಿಕೊಂಡೇ ‘ಮೈನ್’ ಅನ್ನಬೇಕು.